ನಾಲ್ಕು ಬೆರಳು, ಒಂದು ಬೆರಳು

ಅಕ್ಕನಿಗೆ ವೇಗ ಇರಲಿಲ್ಲ. ಮೂರು ವರ್ಷ ಓಡಿದ ಮೇಲೂ ಹತ್ತು ಕಿಲೋಮೀಟರಿಗೆ ಅವಳಿಗೆ ಅರವತ್ತೆರಡು ನಿಮಿಷ ಬೇಕಾಗುತ್ತಿತ್ತು. ಆದರೂ ಆಸ್ಪತ್ರೆಯ ಹೆಂಗಸರ ಓಟದ ತಂಡದಲ್ಲಿದ್ದ ಮೂರು ಜಾಗಗಳಲ್ಲಿ ಮೂರನೆಯದು ಅವಳದೇ. ಮೊದಲೆರಡು ಜಾಗ ತುರ್ತು ವಿಭಾಗದ ಹಿರಿಯ ನರ್ಸಿಗೂ ಅಡುಗೆಮನೆಯ ಮೇಲ್ವಿಚಾರಕಿಗೂ ಸೇರಿದ್ದವು. ನಾಲ್ಕನೆಯವಳು ಯಾರೂ ಇರಲಿಲ್ಲವಾದ್ದರಿಂದ ಮೂರನೆಯವಳನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ನಾಲ್ಕನೆಯವಳಾಗಿ ಬಂದವಳು ಅವಳ ಸ್ವಂತ ತಂಗಿ.

ತಂಗಿ ಅದೇ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ನೋವಾಗದಂತೆ ಸೂಜಿ ಚುಚ್ಚುತ್ತಾಳೆಂದು ವಾರ್ಡಿನವರೆಲ್ಲ ಅವಳನ್ನೇ ಕೇಳಿ ಕರೆಸಿಕೊಳ್ಳುತ್ತಿದ್ದರು. ಅಕ್ಕ ಕೆಲಸ ಮಾಡುತ್ತಿದ್ದದ್ದು ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ. ಅಲ್ಲಿ ಅವಳನ್ನು ಕೇಳಿಕೊಂಡು ಬರುತ್ತಿದ್ದದ್ದು ಹಳೆಯ ಫೈಲುಗಳ ನಂಬರು ಮಾತ್ರ. ಶಾಲೆಯಲ್ಲಿ ಮಾರ್ಕ್ಸು ತಂಗಿಯದು, ಮನೆಯಲ್ಲಿ ಮುದ್ದು ತಂಗಿಯದು, ನೆಂಟರ ಮನೆಗೆ ಹೋದರೆ "ಚಿಕ್ಕೋಳು ಬರಲಿಲ್ವಾ?" ಎಂಬ ಮೊದಲ ಮಾತೂ ತಂಗಿಯದೇ. ಓಟ ಒಂದು ಮಾತ್ರ ಅಕ್ಕನದಾಗಿತ್ತು. ತಂಗಿ ತರಬೇತಿಗೆಂದು ಮೂರು ವರ್ಷ ಹಾಸ್ಟೆಲಿನಲ್ಲಿದ್ದಾಗ ಅವಳು ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ತನ್ನದಾಗಿಸಿಕೊಂಡಿದ್ದಳು.

"ಅಕ್ಕಾ, ನಾನೂ ಬರ್ಲಾ?" ಎಂದು ತಂಗಿ ಕೇಳಿದ ದಿನ ಅಕ್ಕನೇ ತನ್ನ ಹಳೆಯ ಶೂ ತೆಗೆದುಕೊಟ್ಟಳು. ಅಡಿ ಸವೆದಿತ್ತು, ಇಬ್ಬರ ಕಾಲಿಗೂ ಒಂದೇ ಅಳತೆ. ಕೊಟ್ಟದ್ದು ಪ್ರೀತಿಯಿಂದಲೇ. ಎರಡು ದಿನ ಓಡಿ ಬಿಡುತ್ತಾಳೆ ಎಂಬ ನಂಬಿಕೆಯೂ ಆ ಪ್ರೀತಿಯಲ್ಲಿ ಬೆರೆತಿತ್ತು.

ತಂಗಿ ಬಿಡಲಿಲ್ಲ. ಓಡುವಾಗಲೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. "ಅಕ್ಕಾ, ಮೂಗಲ್ಲಿ ಉಸಿರಾಡ್ಬೇಕಾ, ಬಾಯಲ್ಲಾ?", "ಅಕ್ಕಾ, ನೀರು ಮೊದ್ಲು ಕುಡೀಬೇಕಾ, ಆಮೇಲಾ?", "ಅಕ್ಕಾ, ಈ ನಾಯಿ ಕಚ್ಚುತ್ತಾ?" ಚಿಕ್ಕಂದಿನಿಂದಲೂ ಹಾಗೇ. ದಿನಕ್ಕೆ ಹತ್ತು ಪ್ರಶ್ನೆ ಕೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅಕ್ಕ ಹೇಳಿದ್ದನ್ನು ಒರೆಗೆ ಹಚ್ಚಿ ನೋಡುವ ಅಭ್ಯಾಸವೂ ಅವಳಿಗಿರಲಿಲ್ಲ. ಅಕ್ಕ ಹೇಳಿದಳೆಂದರೆ ಮುಗಿಯಿತು.

ಆಂಬುಲೆನ್ಸ್ ನಿಲ್ಲಿಸುವ ಕಡೆ ಗೋಡೆಗೆ ಒಂದು ಚಾರ್ಟು ಅಂಟಿಸಿತ್ತು. ಅದು ತಂಡದ ನಾಯಕನ ಕೆಲಸ. ಅವನು ಆಂಬುಲೆನ್ಸ್ ಡ್ರೈವರ್. ಗಂಟಲು ಎಷ್ಟು ದೊಡ್ಡದೆಂದರೆ ಇಡೀ ಆಸ್ಪತ್ರೆ ಅವನನ್ನು ಸೈರನ್ ಎಂದೇ ಕರೆಯುತ್ತಿತ್ತು. ಪ್ರತಿ ಶನಿವಾರ ಎಲ್ಲರೂ ತಮ್ಮ ಹೆಸರಿನ ಮುಂದೆ ಆ ವಾರ ಓಡಿದ ಕಿಲೋಮೀಟರ್ ಬರೆಯಬೇಕು. ಎಲ್ಲರಿಗಿಂತ ಹೆಚ್ಚು ಓಡಿದವರ ಅಂಕಿಯ ಪಕ್ಕದಲ್ಲಿ ಸೈರನ್ ಕೆಂಪು ಪೆನ್ನಿನಿಂದ ನಕ್ಷತ್ರ ಹಾಕುತ್ತಿದ್ದ. ಅಕ್ಕನ ಸಾಲಿನಲ್ಲಿ ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ನಾಲ್ಕು ಎಂದಿತ್ತು. ತಂಗಿಯ ಸಾಲಿನಲ್ಲಿ ಎಂಟು, ಹದಿಮೂರು, ಹತ್ತೊಂಬತ್ತು, ಇಪ್ಪತ್ತೇಳು.

ನಾಲ್ಕನೇ ವಾರ ನಕ್ಷತ್ರ ತಂಗಿಗೆ ಬಿತ್ತು.

"ಏನಮ್ಮಾ ದಾಖಲೆ ಕೋಣೆ, ತಂಗೀನೇ ದಾಖಲೆ ಮುರೀತಾ ಇದ್ದಾಳಲ್ಲ!" ಎಂದು ಸೈರನ್ ಕೂಗಿದ. ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ರೋಗಿಗಳೂ ತಿರುಗಿ ನೋಡಿದರು. ಅಕ್ಕ ಹಲ್ಲು ಬಿಟ್ಟು ನಕ್ಕಳು. ಹಿಂದಿನ ದಿನವಷ್ಟೇ ಐದು ಕಿಲೋಮೀಟರಿನಲ್ಲಿ ತಂಗಿ ಅವಳಿಗಿಂತ ಎರಡು ನಿಮಿಷ ಮೊದಲು ಮುಟ್ಟಿ, ಗೇಟಿಗೆ ಒರಗಿ, "ಅಕ್ಕಾ, ಇನ್ನೂ ಸ್ವಲ್ಪ, ಬಾ ಬಾ!" ಎಂದು ಚಪ್ಪಾಳೆ ತಟ್ಟಿದ್ದಳು. ಮಗುವಿಗೆ ನಡೆಯಲು ಕಲಿಸುವಾಗ ತಟ್ಟುವ ಹಾಗೆ.

ಆಸ್ಪತ್ರೆಗಳ ನಡುವಿನ ಓಟಕ್ಕೆ ಇನ್ನು ಆರು ವಾರ. ಎಂಟನೇ ವಾರದ ಕೊನೆಗೆ ಸೈರನ್ ಎಲ್ಲರನ್ನೂ ಓಡಿಸಿ ಮೂವರನ್ನು ಆರಿಸುತ್ತಾನೆ. ನಾಲ್ಕು ಜನರಲ್ಲಿ ಹೊರಗೆ ಉಳಿಯುವವಳು ಯಾರೆಂದು ತಿಳಿಯಲು ಅಕ್ಕನಿಗೆ ಸ್ಟಾಪ್‌ವಾಚ್ ಬೇಕಿರಲಿಲ್ಲ.

ಮರುದಿನ, ಭಾನುವಾರ ಬೆಳಿಗ್ಗೆ ತಂಗಿ ಮಂಚದಿಂದ ಇಳಿದವಳು "ಅಯ್ಯೋ" ಎಂದು ಗೋಡೆ ಹಿಡಿದಳು.

"ಅಕ್ಕಾ, ಇಲ್ಲಿ ನೋಡು. ಮೂರ್ ದಿನದಿಂದ ಹೀಗೇ."

ಕಣಕಾಲಿನ ಒಳಬದಿ, ಮೂಳೆಯ ಅಂಚಿನುದ್ದಕ್ಕೂ ಅವಳು ಕೈಯಿಟ್ಟಳು. ಪಾದದ ಗಂಟಿಗಿಂತ ಒಂದು ಗೇಣು ಮೇಲೆ ನಾಲ್ಕು ಬೆರಳು ಸಾಲಾಗಿ ಕೂತವು. ನಾಲ್ಕರ ಅಡಿಯಲ್ಲೂ ನೋವು.

ಅಕ್ಕನಿಗೆ ಅದರ ಹೆಸರು ಗೊತ್ತಿತ್ತು. ಎರಡು ವರ್ಷದ ಹಿಂದೆ ಅವಳ ಕಾಲಿನಲ್ಲೂ ಅದೇ ಜಾಗದಲ್ಲಿ ಅದೇ ನೋವು ಕೂತಿತ್ತು. ಮೊದಲ ಮಹಡಿಯ ಫಿಸಿಯೋ ಮೇಡಂ ಇವಳ ಕಾಲಿನ ಮೇಲೆ ತಮ್ಮ ನಾಲ್ಕು ಬೆರಳಿಟ್ಟು ಒತ್ತಿ, "ಶಿನ್ ಸ್ಪ್ಲಿಂಟ್. ಹೊಸದಾಗಿ ಓಡೋರ ಕಾಯಿಲೆ" ಎಂದಿದ್ದರು. ಆಮೇಲೆ ಹೇಳಿದ್ದು ಅಕ್ಕನಿಗೆ ಬಾಯಿಪಾಠವಾಗಿತ್ತು.

"ನೋಡಮ್ಮ, ಓಡೋಕೆ ಶುರು ಮಾಡಿದ್ರೆ ಉಸಿರು, ಹೃದಯ ಕೆಲವೇ ವಾರದಲ್ಲಿ ಗಟ್ಟಿ ಆಗುತ್ತೆ. 'ಇನ್ನೂ ಓಡು, ಇನ್ನೂ ಓಡು' ಅನ್ನುತ್ತೆ. ಮೂಳೆ ಹಾಗಲ್ಲ. ಭಾರ ಬಿದ್ದಾಗ ಅದು ಮೊದಲು ಹಳೇದನ್ನ ಕೆಡವಿ ಆಮೇಲೆ ಹೊಸದನ್ನ ಕಟ್ಟುತ್ತೆ. ಕೆಡವೋ ಕೆಲಸ ಬೇಗ, ಕಟ್ಟೋ ಕೆಲಸ ನಿಧಾನ. ತಿಂಗಳುಗಟ್ಟಲೆ ಹಿಡಿಯುತ್ತೆ. ಕೆಡವಿದ ಮನೇಲಿ ಗೋಡೆ ಏಳೋ ಮೊದಲೇ ನೀನು ಮೇಲೆ ಕುಣಿದ್ರೆ? ನೋವು ಬಾರದೆ ಇನ್ನೇನು ಬರುತ್ತೆ?"

ಆಮೇಲೆ ಒಂದು ಬೆರಳೆತ್ತಿ ಎಚ್ಚರಿಸಿದ್ದರು. "ನಾಲ್ಕು ಬೆರಳಿನುದ್ದ ಹರಡಿದ ನೋವು ಇದ್ದರೆ ಓಟ ಕಡಿಮೆ ಮಾಡಿದರೆ ಸಾಕು. ಒಂದು ಬೆರಳ ತುದಿಯಷ್ಟು ಜಾಗದಲ್ಲಿ ನೋವು ಚುಚ್ಚಿ ನಿಂತರೆ, ಸುಮ್ಮನೆ ಕೂತಾಗಲೂ ನೋಯ್ತಾ ಇದ್ದರೆ, ಅದು ಮೂಳೆ ಬಿರುಕು ಬಿಡೋ ಸುದ್ದಿ. ಆಗ ನನ್ನ ಹತ್ರ ಓಡಿ ಬರಬೇಡ. ಕುಂಟ್ಕೊಂಡು ಬಾ."

ಕಡಿಮೆ ಮಾಡುವುದು ಹೇಗೆಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟಿದ್ದರು. ಆ ಹಾಳೆ ಈಗಲೂ ಅಕ್ಕನ ಬೀರುವಿನಲ್ಲಿ, ಹೊಸ ಶೂ ಡಬ್ಬಿಯ ತಳದಲ್ಲಿ ಮಡಚಿಕೊಂಡು ಕೂತಿತ್ತು. ತಂಗಿ ಕಾಲು ಹಿಡಿದು ನಿಂತ ಜಾಗದಿಂದ ಬೀರುವಿಗೆ ಮೂರೇ ಹೆಜ್ಜೆ.

"ಏನೇ ಅಕ್ಕ ಇದು? ಓಡೋಕೆ ಶುರು ಮಾಡಿದಾಗ ನೋಯುತ್ತೆ, ಒಂದು ಕಿಲೋಮೀಟರ್ ಆದ್ಮೇಲೆ ಮಾಯ. ಮಾರನೇ ದಿನ ಎದ್ರೆ ಮತ್ತೆ ಹಾಜರು. ನಿಲ್ಲಿಸ್ಬೇಕಾ?"

ಬಿಸಿಯಾದ ಮೇಲೆ ಮಾಯವಾಗುವುದೇ ಆ ನೋವಿನ ಮೋಸ ಎಂದು ಹೇಳಲು ಬಾಯಿ ತೆರೆದವಳು ಅಕ್ಕ. ಹೊರಗೆ ಬಂದದ್ದು ಬೇರೆ.

"ಹೊಸದರಲ್ಲಿ ಎಲ್ರಿಗೂ ಇರುತ್ತೆ ಕಣೇ. ಓಡ್ತಾ ಓಡ್ತಾ ಹೋಗುತ್ತೆ."

"ಹೌದಾ? ಸದ್ಯ!" ಎಂದು ತಂಗಿ ಹಲ್ಲುಜ್ಜಲು ಹೋದಳು. ಅಷ್ಟೇ. ಎರಡನೇ ಸಲ ಕೇಳಲೂ ಇಲ್ಲ.

ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳೇನು ಹೇಳಿದೆ? ಹೊಸದರಲ್ಲಿ ಬಹಳ ಜನರಿಗೆ ಬರುವುದು ನಿಜವೇ. ನೋವು ಹೆಚ್ಚಾದರೆ ಅವಳೇ ನಿಲ್ಲಿಸುತ್ತಾಳೆ, ಒಂದೆರಡು ವಾರ ಹಿಂದೆ ಬೀಳುತ್ತಾಳೆ, ಅಷ್ಟು ಸಾಕು. ನಾಲ್ಕು ಬೆರಳು ಒಂದು ಬೆರಳಾದ ದಿನ ನಾನೇ ಹೇಳುತ್ತೇನೆ. ಹೀಗೆ ಒಂದು ಗೆರೆ ಎಳೆದುಕೊಂಡ ಮೇಲೆ ಅವಳಿಗೆ ನಿದ್ದೆ ಚೆನ್ನಾಗಿಯೇ ಬಂತು.

ಐದನೇ ವಾರ ತಂಗಿ ಮೂವತ್ನಾಲ್ಕು ಬರೆದಳು. ಆರನೇ ವಾರ ನಲವತ್ತು. ಎರಡಕ್ಕೂ ಕೆಂಪು ನಕ್ಷತ್ರ. ಓಟವೆಲ್ಲ ಆಸ್ಪತ್ರೆಯ ಹಿಂದಿನ ಡಾಂಬರು ರಸ್ತೆಯ ಮೇಲೆ, ವಾರಕ್ಕೆ ಆರು ದಿನ. ಓಡಿ ಬಂದ ಮೇಲೆ ಟ್ರೇ ಹಿಡಿದು ವಾರ್ಡಿನಿಂದ ವಾರ್ಡಿಗೆ ಎಂಟು ಗಂಟೆ ನಡೆತ. ಸೈರನ್ ನೋಡುತ್ತಾನೆಂದು ಆಂಬುಲೆನ್ಸ್ ಜಾಗ ದಾಟುವಾಗ ಮಾತ್ರ ನೆಟ್ಟಗೆ ಹೆಜ್ಜೆ ಹಾಕುತ್ತಿದ್ದಳು. ಲಿಫ್ಟಿನ ಬಾಗಿಲು ಮುಚ್ಚಿದೊಡನೆ ಒಂಟಿ ಕಾಲಿನ ಕೊಕ್ಕರೆ.

ಅಕ್ಕ ಎಲ್ಲವನ್ನೂ ಗಮನಿಸುತ್ತಿದ್ದಳು. ಮನೆಯಲ್ಲಿ ತಂಗಿ ಕಾಲಿಗೆ ಐಸ್ ಒತ್ತಿಕೊಳ್ಳುವಾಗ ಓರೆಗಣ್ಣಿನಲ್ಲಿ ಬೆರಳು ಎಣಿಸುತ್ತಿದ್ದಳು. ನಾಲ್ಕು. ಇನ್ನೂ ನಾಲ್ಕು. ಒಂದು ದಿನ ಮೂರೇ ಕಂಡಿತು. ನಾಲ್ಕನೆಯದು ಐಸಿನ ಚೀಲದ ಅಡಿ ಇದ್ದಿರಬೇಕು ಎಂದುಕೊಂಡಳು.

"ಅವಳ ಕಾಲಿಗೆ ಏನಾದ್ರೂ ಹೇಳೇ. ನೀನು ಮೂರು ವರ್ಷದಿಂದ ಓಡ್ತಾ ಇದ್ದೀಯ," ಎಂದರು ಅಮ್ಮ.

"ಅವಳು ನನ್ನ ಮಾತು ಎಲ್ಲಿ ಕೇಳ್ತಾಳೆ? ನಕ್ಷತ್ರ ಬೇಕಲ್ಲ ಅವಳಿಗೆ," ಎಂದಳು ಅಕ್ಕ.

"ನಿನ್ನ ಮಾತು ಬಿಟ್ಟು ಅವಳು ಇನ್ಯಾರ ಮಾತು ಕೇಳಿದ್ದಾಳೆ?" ಎಂದು ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಏಳನೇ ವಾರದ ಗುರುವಾರ ಬೆಳಿಗ್ಗೆ ತಂಗಿ ಶೂ ಹಾಕಿಕೊಳ್ಳಲು ಕೂತಿದ್ದವಳು ಎದ್ದೇಳಲಿಲ್ಲ.

"ಅಕ್ಕಾ, ಈಗ ಓಡಿದ ಮೇಲೂ ಹೋಗ್ತಾ ಇಲ್ಲ. ಕೂತ್ರೂ ನೋಯ್ತಿದೆ. ಇಲ್ಲೇ. ಇದೇ ಜಾಗ."

ಅವಳು ತೋರಿಸಿದ್ದು ತೋರುಬೆರಳಿನ ತುದಿಯಿಂದ. ಒಂದೇ ಬೆರಳು.

ಅಕ್ಕ ಆ ಬೆರಳನ್ನೇ ನೋಡಿದಳು. ಗೆರೆ ಎಳೆದವಳೇ ತಾನು. ಗೆರೆ ಯಾವಾಗ ದಾಟಿತೆಂದು ನೋಡದೆ ಕೂತವಳೂ ತಾನೇ. "ನಡಿ, ಫಿಸಿಯೋ ಮೇಡಂ ಹತ್ರ ಹೋಗೋಣ. ಈಗಲೇ," ಎಂದಳು. ಸ್ವರ ಜೋರಾಗಿತ್ತು. ತಂಗಿ ಹೆದರಿ, "ಅಷ್ಟೊಂದಾ ಅಕ್ಕ?" ಎಂದಳು.

ಫಿಸಿಯೋ ಮೇಡಂ ತಂಗಿಯನ್ನು ಮಂಚದ ಮೇಲೆ ಕೂರಿಸಿ, ಆ ಜಾಗ ಬಿಟ್ಟು ಸುತ್ತಲೂ ಒತ್ತಿದರು. ಕೊನೆಗೆ ಅಲ್ಲಿ ಒತ್ತಿದಾಗ ತಂಗಿ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಿಂತು ಆ ಕಾಲಿನಲ್ಲಿ ಒಮ್ಮೆ ಸಣ್ಣಗೆ ಹಾರಲು ಹೇಳಿದರೆ ಹಾರಲಾಗಲಿಲ್ಲ. ಮೇಡಂ ಮುಖದಿಂದ ತಮಾಷೆ ಇಳಿಯಿತು. ಮೂಳೆ ಡಾಕ್ಟರಿಗೆ ಚೀಟಿ ಬರೆದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಶುರುವಿನಲ್ಲಿ ಅದರಲ್ಲಿ ಕಾಣೋದು ಕಡಿಮೆ," ಎಂದು ಡಾಕ್ಟರು ಎಂಆರ್‌ಐಗೆ ಕಳಿಸಿದರು. ಅದರಲ್ಲಿ ಕಂಡಿತು. ಕಣಕಾಲಿನ ಮೂಳೆಯ ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು.

ಶನಿವಾರ ಮಧ್ಯಾಹ್ನ ಅಕ್ಕತಂಗಿಯರಿಬ್ಬರೂ ಮತ್ತೆ ಮೇಡಂ ಮುಂದೆ ಕೂತರು. ತಂಗಿಯ ಕಾಲಿಗೆ ದಪ್ಪ ಬೂಟು, ಕಂಕುಳಲ್ಲಿ ಊರುಗೋಲು.

"ಎಂಟು ವಾರ ಓಟದ ಸುದ್ದಿ ಎತ್ತಬೇಡ. ಮೂಳೆ ಕೂಡಿಕೊಂಡ ಮೇಲೆ ಮೊದಲು ನೋವಿಲ್ಲದೆ ನಡೆಯೋದು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅಲ್ಲಮ್ಮಾ, ವಾರಕ್ಕೆ ಎಷ್ಟೆಷ್ಟು ಓಡಿದೆ?"

ತಂಗಿ ಅಂಕಿಗಳನ್ನು ಹೇಳಿದಳು. ಎಂಟರಿಂದ ನಲವತ್ತರವರೆಗೆ. ಮೇಡಂ ಪೆನ್ನು ಕೆಳಗಿಟ್ಟರು.

"ಆರು ವಾರಕ್ಕೆ ಐದು ಪಟ್ಟು! ಆ ಸೈರನ್‌ಗೆ ನಕ್ಷತ್ರ ಹಾಕೋಕೆ ಪೆನ್ನು ಕೊಟ್ಟೋರು ಯಾರು? ಇರಲಿ, ಕಾಲು ನೋಯೋಕೆ ಶುರುವಾಗಿದ್ದು ಯಾವಾಗ?"

"ನಾಲ್ಕನೇ ವಾರ ಮೇಡಂ. ಆಗ ಹೀಗೆ ಉದ್ದಕ್ಕೆ ನೋಯ್ತಿತ್ತು." ನಾಲ್ಕು ಬೆರಳಿಟ್ಟು ತೋರಿಸಿದಳು.

"ಆವಾಗಲೇ ಬಂದಿದ್ರೆ ಅರ್ಧಕ್ಕೆ ಇಳಿಸಿ ಓಡಿಸ್ತಾ ಇದ್ದೆನಲ್ಲ! ಬಹುಶಃ ಈ ಓಟಾನೂ ತಪ್ಪುತ್ತಿರಲಿಲ್ಲ." ಮೇಡಂ ಅಕ್ಕನ ಕಡೆ ತಿರುಗಿದರು. "ನಿಂಗೆ ಕೊಟ್ಟಿದ್ದೆನಲ್ಲ, ಅಂಥದ್ದೇ. ನಿನ್ನ ಹಳೇ ಫೈಲು ತಂದುಬಿಡು, ದಾಖಲೆ ಕೋಣೆ ನಿನ್ನದೇ ಅಲ್ವಾ? ಅದರಲ್ಲಿ ಹಾಳೆಯ ನಕಲು ಇದೆ. ಬಿರುಕು ಕೂಡಿದ ಮೇಲೆ ಇವಳಿಗೂ ಅದೇ ದಾರಿ."

ಅಕ್ಕ ಎದ್ದಳು. ಬೇರೆ ದಾರಿ ಇರಲಿಲ್ಲ. ನೆಲಮಾಳಿಗೆಗೆ ಇಳಿದು, ಸಾವಿರಾರು ಫೈಲುಗಳ ನಡುವೆ ತನ್ನ ಫೈಲನ್ನು ಒಂದೇ ಸಲಕ್ಕೆ ಎಳೆದಳು. ಯಾರದೋ ಫೈಲು ಕಳೆದುಹೋಗಿದೆ ಎಂದು ಹೇಳುವುದು ಅವಳ ಕೆಲಸದಲ್ಲಿ ತಿಂಗಳಿಗೊಮ್ಮೆ ಬರುವ ಮಾತು. ಇವತ್ತು ಹೇಳಿದರೂ ಯಾರೂ ಅನುಮಾನಪಡುತ್ತಿರಲಿಲ್ಲ. ಎರಡು ನಿಮಿಷ ನಿಂತಳು. ಆಮೇಲೆ ಮೆಟ್ಟಿಲು ಹತ್ತಿದಳು.

ಮೇಡಂ ಹಾಳೆಯನ್ನು ತಂಗಿಯ ಮುಂದೆ ಇಟ್ಟು ಬೆರಳಾಡಿಸುತ್ತಾ ಹೋದರು.

"ನೋಡು. ಇವಳು ಆಗ ವಾರಕ್ಕೆ ಮೂವತ್ತು ಓಡ್ತಿದ್ದಳು. ಹದಿನೈದಕ್ಕೆ ಇಳಿಸಿದೆ. ಆರು ದಿನದ ಓಟ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಡಾಂಬರು ಬಿಟ್ಟು ಮಣ್ಣಿನ ಮೈದಾನ. ನಡುವಿನ ದಿನ ಸೈಕಲ್ಲು. ಉಸಿರಿನ ಅಭ್ಯಾಸ ಉಳಿಯುತ್ತೆ, ಮೂಳೆಗೆ ಏಟು ಬೀಳಲ್ಲ. ಹತ್ತಕ್ಕೆ ಎರಡರಷ್ಟು ನೋವು ಇದ್ರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದ್ರೆ, ಇಲ್ಲಾ ಮಾರನೇ ಬೆಳಿಗ್ಗೆ ನೋವು ಉಳಿದಿದ್ರೆ ಇನ್ನೂ ಇಳಿಸಬೇಕು. ದಿನಾ ಹಿಮ್ಮಡಿ ಎತ್ತಿ ಇಳಿಸಿ ಮೀನಖಂಡ ಗಟ್ಟಿ ಮಾಡ್ಕೋಬೇಕು. ಎರಡು ವಾರ ನೋವು ಬರದಿದ್ರೆ ಮಾತ್ರ ಏರಿಸೋದು."

"ಎಷ್ಟು ಏರಿಸೋದು ಮೇಡಂ?"

"ಹತ್ತರಲ್ಲಿ ಒಂದು ಪಾಲಿನಷ್ಟು. ಅದೇನು ಶಾಸನ ಅಲ್ಲ, ಅಂದಾಜು. ಕಾಲು ಏನು ಹೇಳುತ್ತೆ ಅನ್ನೋದೇ ಮುಖ್ಯ. ಆದ್ರೆ ದೂರ ಏರಿಸಿದ ವಾರ ವೇಗ ಏರಿಸಬಾರದು. ಎರಡೂ ಒಟ್ಟಿಗೆ ಬೇಡ. ಮೂರು ವಾರ ಏರಿಸಿದ್ರೆ ನಾಲ್ಕನೇ ವಾರ ಸ್ವಲ್ಪ ಇಳಿಸಿ ಮೂಳೆಗೆ ಬಿಡುವು ಕೊಡು. ನಿನ್ನ ಅಕ್ಕ ನಾನು ಹೇಳಿದಂಗೆ ಕೇಳಿದಳು. ಆರು ವಾರಕ್ಕೆ ನೋವಿಲ್ಲದೆ ಓಡಿದಳು."

ತಂಗಿ ಹಾಳೆಯ ಕೆಳಗಿನ ಸಾಲುಗಳನ್ನು ಓದುತ್ತಿದ್ದಳು. ಎರಡು ವರ್ಷದ ಹಿಂದಿನ ತಾರೀಕು. 'ಕಾರಣ, ಎಚ್ಚರಿಕೆಯ ಲಕ್ಷಣ ವಿವರಿಸಲಾಗಿದೆ. ಅರ್ಥವಾಗಿದೆ ಎಂದರು.' ಅದರಡಿ ಅಕ್ಕನ ದುಂಡು ಸಹಿ.

"ನಿಂಗೂ ಬಂದಿತ್ತಾ?" ಎಂದಳು.

"ಹೂಂ."

"ಇದೇ?"

"ಹೂಂ."

"ನೋಯ್ತಾ ಇದ್ರೂ ಮೂರು ವಾರ ಓಡಿದ್ದೀಯಲ್ಲ, ನೋವನ್ನು ಓಡಿ ಓಡಿ ಕಳೀಬಹುದು ಅಂತ ನಿಂಗೆ ಯಾರಮ್ಮ ಹೇಳಿದ್ದು?" ಎಂದು ಮೇಡಂ ತಂಗಿಯನ್ನು ಕೇಳಿದರು.

ಅಕ್ಕ ಗೋಡೆಯ ಮೇಲಿದ್ದ ಕಾಲಿನ ಮೂಳೆಗಳ ಚಿತ್ರ ನೋಡುತ್ತಿದ್ದಳು. ತಂಗಿ ಅಕ್ಕನನ್ನು ನೋಡಿದಳು. ಅಕ್ಕನಿಗೆ ಅದು ನೋಡದೆಯೇ ಗೊತ್ತಾಯಿತು.

"ಯಾರೂ ಹೇಳ್ಲಿಲ್ಲ ಮೇಡಂ. ನಾನು ಯಾರನ್ನೂ ಕೇಳ್ಲಿಲ್ಲ."

ಆ ಸಂಜೆ ಆಂಬುಲೆನ್ಸ್ ಜಾಗದಲ್ಲಿ ಮೇಡಂ ಸೈರನ್‌ಗಿಂತ ಜೋರಾಗಿ ಕೂಗಿದರಂತೆ. ಕೆಂಪು ಪೆನ್ನು ಅವರ ಕೋಟಿನ ಜೇಬು ಸೇರಿತು. ಚಾರ್ಟಿನಲ್ಲಿ ಹೊಸದಾಗಿ ಒಂದು ಸಾಲು ಬಂತು: 'ಈ ವಾರ ಎಷ್ಟು ದಿನ ಬಿಡುವು?'

ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾಗಲಿ ಎಂದು ಅಕ್ಕ ಕಾದಳು. ಬೈದರೆ ತಿರುಗಿಸಿ ಬೈಯಲು ಅವಳ ಹತ್ತಿರ ಇಪ್ಪತ್ತು ವರ್ಷದ ಸರಕು ಕೂಡಿತ್ತು. ಮಾರ್ಕ್ಸು, ಮುದ್ದು, ಚಪ್ಪಾಳೆ, ಎಲ್ಲ. ತಂಗಿ ಅದಕ್ಕೆ ಅವಕಾಶ ಕೊಡಲಿಲ್ಲ. ಅಡಿ ಸವೆದ ಶೂವನ್ನು ಒರೆಸಿ, ಲೇಸು ಕಟ್ಟಿ, ಶೂ ಸ್ಟ್ಯಾಂಡಿನಲ್ಲಿ ಅಕ್ಕನ ಚಪ್ಪಲಿಗಳ ಪಕ್ಕ ಇಟ್ಟಳು.

ಅಕ್ಕ ಮಾರನೆಯ ದಿನ ಶೂ ಡಬ್ಬಿಯಿಂದ ಹಾಳೆ ತೆಗೆದು, "ನೀನೇ ಇಟ್ಕೋ" ಎಂದು ಚಾಚಿದಳು.

"ಮೇಡಂ ನಕಲು ಕೊಟ್ಟಿದ್ದಾರೆ," ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ವಾರ್ಡಿನಲ್ಲಿ ರೋಗಿಗೆ 'ಮುಷ್ಟಿ ಬಿಗಿ ಹಿಡೀರಿ' ಎನ್ನುವ ದನಿ ಅದು.

ಎಂಟನೇ ವಾರದ ಆಯ್ಕೆ ನಡೆಯಲೇ ಇಲ್ಲ. ಓಡಲು ಮೂವರೇ ಇದ್ದರು. ಹತ್ತನೇ ವಾರದ ಓಟದಲ್ಲಿ ಅಕ್ಕ ಅರವತ್ತೊಂದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಮುಟ್ಟಿದಳು. ಅವಳ ಜೀವನದ ಅತ್ಯುತ್ತಮ ಓಟ. ಗೇಟಿನ ಹತ್ತಿರ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೈರನ್ ಮೂವರ ಸಮಯ ಕೂಡಿಸಿ, ಮತ್ತೊಮ್ಮೆ ಕೂಡಿಸಿ, ಮೊದಲ ಸಲ ಮೆಲ್ಲಗೆ ಮಾತಾಡಿದ. "ನಾಲ್ಕನೇ ಸ್ಥಾನ. ಮೂರು ನಿಮಿಷ ಹತ್ತು ಸೆಕೆಂಡಿಗೆ ಪದಕ ಹೋಯ್ತು. ಚಿಕ್ಕೋಳು ಇದ್ದಿದ್ರೆ..." ಎಂದವನು ಅಕ್ಕನ ಮುಖ ನೋಡಿ ನಿಲ್ಲಿಸಿದ.

ತಂಗಿಯ ಮೂಳೆ ಕೂಡಿಕೊಂಡಿತು. ಈಗ ಮಣ್ಣಿನ ಮೈದಾನದಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಾಳೆ. ಒಂದು ದಿನ ಬಿಟ್ಟು ಒಂದು ದಿನ, ಅಕ್ಕ ಓಡದ ಹೊತ್ತಿನಲ್ಲಿ. ಅನುಮಾನ ಬಂದರೆ ಮೊದಲ ಮಹಡಿಗೆ ಹೋಗಿ ಮೇಡಂ ಅವರನ್ನು ಕೇಳುತ್ತಾಳೆ. ಮನೆಯಲ್ಲಿ ಮಾತು ನಿಂತಿಲ್ಲ. ಉಪ್ಪು ಕೊಡು, ಕರೆಂಟು ಹೋಯಿತು, ಅಮ್ಮ ಕರೆಯುತ್ತಿದ್ದಾರೆ, ಎಲ್ಲವೂ ನಡೆಯುತ್ತದೆ.

ಹೋದದ್ದು ಇಷ್ಟು. ತಂಗಿಗೆ ಎಂಟು ವಾರದ ಓಟ, ಅದರಲ್ಲಿ ಮೂರು ವಾರ ಊರುಗೋಲು. ತಂಡಕ್ಕೆ ಒಂದು ಪದಕ. ಅಕ್ಕನಿಗೆ ದಿನಕ್ಕೆ ಹತ್ತು ಪ್ರಶ್ನೆ.